ಸಾಂತ್ವನಪ್ಪನ ಬುಟ್ಟಿ

ನನ್ನ ಕೆಲಸ ಹೋದದ್ದು ಗುರುವಾರ. ಶನಿವಾರ ಬೆಳಗ್ಗೆ ಸಾಂತ್ವನಪ್ಪ ಬಾಗಿಲಲ್ಲಿದ್ದ. ಅವನ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ; ಇದು ನನ್ನ ಹೆಂಡತಿ ಇಟ್ಟದ್ದು. ಯಾರ ಮನೆಯಲ್ಲಿ ಜೀವ ಹೋಗಲಿ, ಸ್ಕೂಟರು ಹೋಗಲಿ, ಮೊದಲು ಬಂದು ನಿಲ್ಲುವವನು ಅವನೇ. ಬರಿಗೈಯಲ್ಲಿ ಬಂದವನೂ ಅಲ್ಲ.

ಅಂದು ತಂದದ್ದು ಬೆತ್ತದ ಬುಟ್ಟಿ. ಮಿರಿಮಿರಿ ಕಾಗದ, ಕೆಂಪು ರಿಬ್ಬನ್ನು. ಒಳಗೆ ಬಾದಾಮಿ, ಪಿಸ್ತಾ, ಅಂಜೂರ, ಘಮಘಮಿಸುವ ಒಂದು ಮೇಣದ ಬತ್ತಿ, ಸೋತವರು ಗೆಲ್ಲುವ ಬಗೆ ಹೇಳುವ ಒಂದು ಪುಟಾಣಿ ಪುಸ್ತಕ. ಮದುಮಗಳನ್ನು ಕರೆತರುವ ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಕೆಳಗಿನ ಮನೆಯ ಓನರ್ ಆಂಟಿ ಇಣುಕಿದರು.

“ಏನ್ರೀ ವಿಶೇಷ? ಪ್ರಮೋಷನ್ನಾ?”

“ಇಲ್ಲಮ್ಮಾ,” ಎಂದ ಸಾಂತ್ವನಪ್ಪ, ಗರ್ಭಗುಡಿಯ ಮುಂದೆ ನಿಂತ ದನಿಯಲ್ಲಿ. “ಪಾಪ, ಇವನ ಕೆಲಸ ಹೋಯ್ತು.”

ಮುಂದಿನ ತಿಂಗಳ ಬಾಡಿಗೆ ಕೊಟ್ಟಾದ ಮೇಲೆ ನಿಧಾನವಾಗಿ ಹೇಳೋಣ ಎಂದು ನಾನು ಬಚ್ಚಿಟ್ಟಿದ್ದ ಸುದ್ದಿ ಅದು.

ಅವನು ಹೋದ ಮೇಲೆ ಹೆಂಡತಿ ಬುಟ್ಟಿ ಮಗುಚಿ ನೋಡಿದಳು. ತಳದಲ್ಲಿ ಚೀಟಿ: 3,499. ನಮ್ಮ ಮದುವೆಯಲ್ಲಿ ಯಾರು ಸ್ಟೀಲ್ ಚೊಂಬು ಕೊಟ್ಟರು, ಯಾರು 101 ಕೊಟ್ಟರು ಎಂಬುದೆಲ್ಲ ಇರುವ ಮುಯ್ಯಿ ಪುಸ್ತಕ ಇನ್ನೂ ನಮ್ಮ ಬೀರುವಿನಲ್ಲಿದೆ. ಅದನ್ನು ತೆಗೆದು ಬರೆದಳು. “ನವೆಂಬರಿಗೆ ಅವನ ಮಗನ ಬರ್ತ್‌ಡೇ. ಇಷ್ಟಕ್ಕೆ ಇಷ್ಟು ಎಲ್ಲಿಂದ ತರೋಣ ಹೇಳಿ?” ಬಾದಾಮಿ ಅಗಿಯುತ್ತಿದ್ದ ನನಗೆ ಅದು ಸಾಲದ ಹಾಗೆ ಕಂಡಿತು. ಆದರೂ ಇನ್ನೆರಡು ತಿಂದೆ.

ಅವನ ಉಳಿದ ಲಕ್ಷಣಗಳನ್ನು ಬೇಗ ಹೇಳಿಬಿಡುತ್ತೇನೆ. ನಾನು ಬಂದ ಕೂಡಲೇ ತನ್ನ ಇನ್‌ಕ್ರಿಮೆಂಟಿನ ಮಾತನ್ನು ಗಕ್ಕನೆ ನಿಲ್ಲಿಸುತ್ತಿದ್ದ. ಕ್ರೇನ್ ಓಡಿಸುವ ಕೆಲಸದ ಜಾಹೀರಾತನ್ನೂ ನನಗೆ ಕಳಿಸುತ್ತಿದ್ದ. ಇಪ್ಪತ್ತು ವರ್ಷ ದರ್ಶಿನಿಯಲ್ಲಿ ಬಿಲ್ಲಿಗಾಗಿ ನನ್ನೊಡನೆ ಕೈ ಕೈ ಮಿಲಾಯಿಸಿದವನು ಈಗ ನನ್ನ ಮಣಿಕಟ್ಟನ್ನು ಮೆತ್ತಗೆ ಒತ್ತಿ, ಡಾಕ್ಟರು ರೋಗಿಯ ನಾಡಿ ನೋಡುವ ಹಾಗೆ, “ಬೇಡ, ನೀನು ಸುಮ್ನಿರು” ಎನ್ನುತ್ತಿದ್ದ. ಇಡ್ಲಿ ಗಂಟಲಲ್ಲೇ ನಿಲ್ಲುತ್ತಿತ್ತು.

ನಿಜಕ್ಕೂ ನನಗೆ ಇಲ್ಲದ್ದು ಲ್ಯಾಪ್‌ಟಾಪು. ಕಂಪನಿಯದನ್ನು ಗುರುವಾರವೇ, ಕೊರಳ ಪಟ್ಟಿಯ ಸಮೇತ, ವಾಪಸ್ ಕೊಟ್ಟು ಬಂದಿದ್ದೆ. ಅರ್ಜಿಗಳನ್ನು ಮೊಬೈಲಿನಲ್ಲೇ ತುಂಬುತ್ತಿದ್ದೆ. ಹೆಬ್ಬೆರಳು ಒಂದನ್ನು ಒತ್ತಿದರೆ ಪಕ್ಕದ್ದು ಬೀಳುತ್ತಿತ್ತು. ಮೊದಲ ವಿಡಿಯೋ ಸಂದರ್ಶನಕ್ಕೆ ಮೊಬೈಲನ್ನು ತೊಗರಿಬೇಳೆ ಡಬ್ಬಿಗೆ ಒರಗಿಸಿದ್ದೆ. “ನಿಮ್ಮ ಬಲವೇನು?” ಎಂದು ಅವರು ಕೇಳುವಾಗಲೇ ಅದು ಜಾರಿ, ಅವರಿಗೆ ನಮ್ಮ ಫ್ಯಾನು ಕಂಡಿತು.

ಇದನ್ನು ಊಹಿಸಿದವನು ಇನ್ನೊಬ್ಬ ಗೆಳೆಯ, ಮಾತು ಕಮ್ಮಿ. ಮಂಗಳವಾರ ಬಟ್ಟೆಯ ಚೀಲ ಹಿಡಿದು ಬಂದ. “ಹಳೇ ಲ್ಯಾಪ್‌ಟಾಪು, ಮನೇಲಿ ಸುಮ್ನೆ ಬಿದ್ದಿದೆ. ಆನ್ ಮಾಡ್ದೆ ಇಟ್ರೆ ಬ್ಯಾಟರಿ ಹಾಳಾಗುತ್ತೆ. ದಸರಾವರೆಗೆ ನಿನ್ನ ಹತ್ರ ಇರ್ಲಿ.” ಚಾರ್ಜರು ಇತ್ತು, ಪಾಸ್‌ವರ್ಡ್ ಬರೆದ ಚೀಟಿಯೂ ಇತ್ತು. ಜೊತೆಗೆ ಕಾಲು ಕೆಜಿ ಕಾಫಿಪುಡಿ: ತನಗೆ ಪುಡಿ ಮಾಡಿಸುವಾಗ ನನಗೂ ಮಾಡಿಸಿದನಂತೆ. ಹೊರಡುವಾಗ, “ಭಾನುವಾರ ಬಾ ಮಾರಾಯ, ಮಗಳಿಗೆ ಎಸ್ಸೆಸ್ಸೆಲ್ಸಿ ಗಣಿತ ತಲೆಗೆ ಹತ್ತುತ್ತಿಲ್ಲ” ಎಂದ. ಆ ವಾರ ನನ್ನಿಂದ ಏನಾದರೂ ಬೇಕು ಎಂದು ಕೇಳಿದವನು ಅವನೊಬ್ಬನೇ.

ದಸರೆಗೆ ಹಿಂದಿರುಗಿಸಬೇಕಾದ ವಸ್ತು. ಮುಯ್ಯಿ ಪುಸ್ತಕದಲ್ಲಿ ಬರೆಯುವ ಹಾಗಿಲ್ಲ. ಚೀಲ ಒಗೆಯಲು ಹಾಕುವಾಗ ಹೆಂಡತಿಗೆ ಪಕ್ಕದ ಜೇಬಿನಲ್ಲಿ ರಿಪೇರಿ ಅಂಗಡಿಯ ಬಿಲ್ಲು ಸಿಕ್ಕಿತು. ಹೊಸ ಬ್ಯಾಟರಿ, ಸರ್ವೀಸು, ಒಟ್ಟು 3,200. ತಾರೀಕು ಹಿಂದಿನ ದಿನದ್ದು. ಹೆಚ್ಚುಕಮ್ಮಿ ಬುಟ್ಟಿಯಷ್ಟೇ ಖರ್ಚು. ಬಿಲ್ಲನ್ನು ಮಡಚಿ ಅಲ್ಲೇ ಇಟ್ಟು, ನೋಡಿಲ್ಲದವರ ಹಾಗೆ ಇದ್ದುಬಿಟ್ಟೆವು.

ಮರುವರ್ಷ ಸಾಂತ್ವನಪ್ಪನ ಕೆಲಸವೂ ಹೋಯಿತು. ಸುದ್ದಿ ಬಂದ ಸಂಜೆ ನಾನು ಎಲ್ಲಿದ್ದೆ ಎನ್ನುತ್ತೀರಿ? ಡ್ರೈಫ್ರೂಟ್ಸ್ ಅಂಗಡಿಯಲ್ಲಿ, ಬೆತ್ತದ ಬುಟ್ಟಿ ಆರಿಸುತ್ತಾ. ಅವನ ಮುಖ ನೋಡಿ ಏನು ಹೇಳುವುದೆಂದು ಹೆದರಿಕೆಯಾಗಿತ್ತು. ಬುಟ್ಟಿಯಾದರೆ ಮುಖಕ್ಕೆ ಅಡ್ಡ ಹಿಡಿಯಬಹುದು. ಪಾಪ, ಆ ಶನಿವಾರ ಅವನಿಗೂ ಹೀಗೇ ಆಗಿತ್ತೋ ಏನೋ.

ಬುಟ್ಟಿ ಅಲ್ಲೇ ಬಿಟ್ಟು ಅವನನ್ನು ದರ್ಶಿನಿಗೆ ಕರೆದೆ. ಎರಡು ಖಾಲಿ ದೋಸೆ, ಎರಡು ಕಾಫಿ. ಕ್ಯಾಶ್ ಕೌಂಟರಿನಲ್ಲಿ ಅವನ ಕೈ ಜೇಬಿಗೆ ಹೋಯಿತು. ನನ್ನ ಕೈಯೂ ಹೋಯಿತು. ಇಬ್ಬರೂ ಮೊದಲಿನ ಹಾಗೆಯೇ ತಳ್ಳಾಡಿದೆವು, ನಾನು ಒಂದಿಷ್ಟು ಸಡಿಲ ಬಿಟ್ಟೆ. ಅವನೇ ಗೆದ್ದ. ನೂರೈವತ್ತು ಕೊಟ್ಟು, ಇಡೀ ಹೋಟೆಲಿಗೆ ಕೇಳುವಂತೆ ನನ್ನನ್ನು “ಜುಗ್ಗ” ಎಂದ.