ದಯವಿಟ್ಟು ಫೋಟೊ ಸಹಿತ ತಿಳಿಸಿ

ಹೈದರಾಬಾದಿನಲ್ಲಿ ಬಾಡಿಗೆಗೆ ಮನೆ ಕೊಡುವವರು ಎರಡು ಬಗೆ. ಒಬ್ಬರು ಮೇಲಿನ ಮಹಡಿಯಲ್ಲೇ ಇದ್ದು ನೀರಿನ ಮೋಟಾರು ಆಫ್ ಮಾಡುವವರು. ಇನ್ನೊಬ್ಬರು ಅಮೆರಿಕದಲ್ಲಿದ್ದು ಆ ಮೋಟಾರಿನ ಫೋಟೊ ಕೇಳುವವರು. ನನ್ನ ಅನ್ನ ಎರಡನೆಯವರ ಕೈಯಲ್ಲಿದೆ. ಅವರ ಫ್ಲಾಟುಗಳಿಗೆ ಬಾಡಿಗೆದಾರರನ್ನು ಹುಡುಕಿ, ತಿಂಗಳಿಗೊಂದು ವರದಿ ಕಳಿಸುವುದು ನನ್ನ ಕೆಲಸ. ರಾಯಚೂರಿನಲ್ಲಿರುವ ನನ್ನ ಅತ್ತೆಯವರು ಇದನ್ನು ‘ಪ್ರಾಪರ್ಟಿ ಮ್ಯಾನೇಜ್‌ಮೆಂಟು’ ಎಂದು ನೆಂಟರಿಗೆ ಹೇಳುತ್ತಾರೆ. ಹೆಂಡತಿ ‘ಕೀಲಿ ಕಾಯೋದು’ ಅನ್ನುತ್ತಾಳೆ.

ಇವರಲ್ಲಿ ನನಗೆ ಅತಿ ಹೆಚ್ಚು ಪಾಠ ಕಲಿಸಿದವರು ಕೊಂಡಾಪುರದ ಮೂರು ಬೆಡ್‌ರೂಮಿನ ಫ್ಲಾಟಿನ ಒಡೆಯರು. ಹುಟ್ಟಿದ್ದು ಬಳ್ಳಾರಿ, ದುಡಿದದ್ದು ಹೈಟೆಕ್ ಸಿಟಿ, ಈಗಿರುವುದು ಡಲ್ಲಾಸ್. ಫೋನಿನಲ್ಲಿ ಅವರು ಅಪ್ಪಟ ಬಳ್ಳಾರಿ: ‘ಹೆಂಗದೀರಿ? ಮಳಿ ಆತೇನು?’ ಮೇಲ್ ಬರೆಯಲು ಕೂತರೆ ಡಲ್ಲಾಸ್: ‘ಕೆಳಗಿನ ಹನ್ನೊಂದು ಅಂಶಗಳಿಗೆ ಅಂಶವಾರು ಉತ್ತರ ನಿರೀಕ್ಷಿಸುತ್ತೇನೆ.’ ಬೇಸಿಗೆಯಲ್ಲಿ ಅವರ ರಾತ್ರಿ ಒಂಬತ್ತು ಅಂದರೆ ನಮ್ಮ ಮಾರನೇ ಬೆಳಗಿನ ಏಳೂವರೆ. ಅವರು ಊಟ ಮುಗಿಸಿ ನಿರಾಳವಾಗಿ ಬರೆದದ್ದನ್ನು ನಾನು ಹಲ್ಲುಜ್ಜುತ್ತ ಓದುತ್ತೇನೆ.

ಮೇ ಕೊನೆಗೆ ಹಳೆಯ ಬಾಡಿಗೆದಾರರು ಖಾಲಿ ಮಾಡಿದಾಗ ಬಂದ ಮೇಲ್ ನನಗೆ ಈಗಲೂ ಬಾಯಿಪಾಠ. ಬಾಡಿಗೆ ನಲವತ್ತೈದು ಸಾವಿರ, ಚೌಕಾಸಿಗೆ ಅವಕಾಶವಿಲ್ಲ. ಫ್ಯಾಮಿಲಿಯೇ ಆಗಬೇಕು, ಸಸ್ಯಾಹಾರಿಯಾಗಬೇಕು, ಮಕ್ಕಳಿದ್ದರೂ ಗೋಡೆಯ ಮೇಲೆ ಬರೆಯಬಾರದು. ಜೂನ್ ಮೊದಲ ವಾರದಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ದಂಪತಿ ಬಂದು ಮನೆ ನೋಡಿ ಮೆಚ್ಚಿದರು. ಸಸ್ಯಾಹಾರಿಗಳು, ಮಗುವಿಗೆ ಇನ್ನೂ ಬರೆಯುವ ವಯಸ್ಸಾಗಿರಲಿಲ್ಲ. ನಲವತ್ತೆರಡು ಕೊಡುತ್ತೇವೆ, ಎರಡು ತಿಂಗಳ ಅಡ್ವಾನ್ಸ್ ಇವತ್ತೇ ಹಾಕುತ್ತೇವೆ ಎಂದರು. ನಾನು ಖುಷಿಯಿಂದ ಬರೆದೆ. ಡಲ್ಲಾಸಿನಿಂದ ಉತ್ತರದ ಜೊತೆ ಬಾಡಿಗೆ ವೆಬ್‌ಸೈಟಿನ ಸ್ಕ್ರೀನ್‌ಶಾಟುಗಳು ಬಂದವು. ‘ನಮ್ಮದೇ ಅಪಾರ್ಟ್‌ಮೆಂಟಿನಲ್ಲಿ ನಲವತ್ತೈದರಿಂದ ನಲವತ್ತೆಂಟು ಇದೆ. ನೀವೇಕೆ ಕಡಿಮೆಗೆ ಒಪ್ಪುತ್ತಿದ್ದೀರಿ?’

ವೆಬ್‌ಸೈಟಿನಲ್ಲಿರುವುದು ಕೇಳುವ ರೇಟು. ಕುದುರಿದ ರೇಟು ವಾಚ್‌ಮನ್‌ಗೆ ಮಾತ್ರ ಗೊತ್ತಿರುತ್ತದೆ. ಅದೇ ಬ್ಲಾಕಿನಲ್ಲಿ ಈಚೆಗೆ ಸೇರಿದ ಸಂಸಾರಗಳು ಎಷ್ಟಕ್ಕೆ ಬಂದವೆಂದು ಅವನನ್ನು ಕೇಳಿದರೆ ಒಂದು ಚಹಾದ ಖರ್ಚಿನಲ್ಲಿ ಸರಿಯಾದ ಲೆಕ್ಕ ಸಿಗುತ್ತದೆ. ಅವನು ನಲವತ್ತೊಂದು, ನಲವತ್ತೆರಡು ಎಂದಿದ್ದ. ವೆಬ್‌ಸೈಟಿನಲ್ಲಿ ಬಹಳ ದಿನದಿಂದ ಕೂತಿರುವ ಜಾಹೀರಾತು ಎಂದರೆ ಆ ರೇಟಿಗೆ ಯಾರೂ ಬಂದಿಲ್ಲವೆಂದೇ ಅರ್ಥ. ಇದನ್ನೆಲ್ಲ ಅಂಶವಾರು ಬರೆದೆ. ‘ವಾಚ್‌ಮನ್ ಹೇಳಿದ್ದನ್ನು ಡೇಟಾ ಎನ್ನಲಾಗದು’ ಎಂದರು.

ಲೆಕ್ಕವೂ ಕಳಿಸಿದೆ. ಮೂರು ಸಾವಿರ ಹೆಚ್ಚು ಸಿಕ್ಕರೆ ಹನ್ನೊಂದು ತಿಂಗಳ ಕರಾರಿನಲ್ಲಿ ಲಾಭ 33,000. ಮನೆ ಖಾಲಿ ಇದ್ದರೆ ತಿಂಗಳಿಗೆ 42,000 ಬಾಡಿಗೆ ಹೋಯಿತು, ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ 5,000 ಕೈಯಿಂದ ಬಿತ್ತು, ಒಟ್ಟು 47,000. ಅಂದರೆ ಇಪ್ಪತ್ತೊಂದು ದಿನ ಖಾಲಿ ಬಿದ್ದರೆ ಆ ಲಾಭ ಪೂರ್ತಿ ಕರಗುತ್ತದೆ. ಇಂಥ ಲೆಕ್ಕ ಡಲ್ಲಾಸಿನ ಆಫೀಸಿನಲ್ಲಿ ಅವರು ನನಗಿಂತ ಚೆನ್ನಾಗಿ ಮಾಡುತ್ತಾರೆ. ಸ್ವಂತ ಮನೆಯ ವಿಷಯ ಬಂದಾಗ ಮಾತ್ರ ಅದು ಅವಮಾನದಂತೆ ಕಾಣುತ್ತದೆ.

ಅಷ್ಟರಲ್ಲಿ ಆಷಾಢ ಬಂತು. ಊರೆಲ್ಲ ಬೋನಾಲು ಸಂಭ್ರಮ, ಹೊಸ ಮನೆಗೆ ಹಾಲುಕ್ಕಿಸುವವರು ಒಬ್ಬರೂ ಇಲ್ಲ. ‘ಆಷಾಢಂ ಕದಾ ಸಾರ್, ಎವರೂ ರಾರು’ ಎಂದು ಬ್ರೋಕರ್ ಫೋನ್ ಇಟ್ಟ. ಶಾಲೆಗಳೂ ಶುರುವಾಗಿದ್ದವು, ಮನೆ ಬದಲಿಸುವ ಸಂಸಾರಗಳೆಲ್ಲ ಬದಲಿಸಿ ಮುಗಿದಿತ್ತು. ಕೊನೆಗೆ ಆಗಸ್ಟಿನಿಂದ ಬಾಡಿಗೆ ಕುದುರಿದ್ದು ನಲವತ್ಮೂರಕ್ಕೆ. ತಿಂಗಳಿಗೆ ಒಂದು ಸಾವಿರ ಗೆದ್ದೆವು. ಎರಡು ತಿಂಗಳಲ್ಲಿ ಹೋದ 94,000 ಆ ಒಂದು ಸಾವಿರದಿಂದ ತುಂಬಿಬರಲು ಸುಮಾರು ಎಂಟು ವರ್ಷ ಬೇಕು. ಓನರ್ ಬರೆದರು: ‘ನೋಡಿದಿರಾ, ಕಾದದ್ದಕ್ಕೆ ಫಲ ಸಿಕ್ಕಿತು.’

ಬಾಡಿಗೆದಾರ ಸಿಕ್ಕ ಮೇಲಿನ ಮೇಲ್ ಪಿಸುಮಾತಿನದು. ‘ನಾನು ಎನ್ಆರ್‌ಐ ಎಂದು ಅವರಿಗೆ ಹೇಳಲೇಬೇಕೇ?’ ಹೇಳಲೇಬೇಕು. ಅನಿವಾಸಿ ಓನರಿಗೆ ಬಾಡಿಗೆ ಕೊಡುವವರು ಪ್ರತಿ ತಿಂಗಳೂ ಶೇಕಡಾ 30ರಷ್ಟು ತೆರಿಗೆ, ಅದರ ಮೇಲೆ ಸೆಸ್, ಒಟ್ಟು 31.2 ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಬಾಡಿಗೆ ಎಷ್ಟೇ ಕಡಿಮೆಯಿರಲಿ ವಿನಾಯಿತಿ ಇಲ್ಲ. 43,000ದಲ್ಲಿ 13,416 ತೆರಿಗೆಗೆ, ಉಳಿದ 29,584 ಓನರಿನ ಎನ್ಆರ್‌ಒ ಖಾತೆಗೆ. ಕಟ್ಟದಿದ್ದರೆ ನೋಟಿಸು ಬರುವುದು ಬಾಡಿಗೆದಾರನಿಗೆ, ಬಡ್ಡಿ ಸಮೇತ. ಅವನು ಇದಕ್ಕಾಗಿ ಟ್ಯಾನ್ ನಂಬರು ಮಾಡಿಸಬೇಕು, ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬೇಕು. ಇದನ್ನು ಕೇಳಿ ಒಳ್ಳೊಳ್ಳೆಯ ಬಾಡಿಗೆದಾರರು ಚಪ್ಪಲಿ ಮೆಟ್ಟಿದ್ದನ್ನು ನೋಡಿದ್ದೇನೆ. ಅದಕ್ಕೆ ಆಡಿಟರ್ ಫೀಸು ಓನರೇ ಕೊಡುತ್ತಾರೆಂದು ನಾನು ಮೊದಲೇ ಹೇಳಿಬಿಡುತ್ತೇನೆ. ಓನರಿಗೂ ಸಮಾಧಾನದ ಸಂಗತಿಯಿದೆ: ಇಲ್ಲಿ ಬೇರೆ ಆದಾಯವಿಲ್ಲದಿದ್ದರೆ ರಿಟರ್ನ್ ಸಲ್ಲಿಸಿ ಕಟ್ ಆದದ್ದರಲ್ಲಿ ಬಹುಪಾಲನ್ನು ವಾಪಸು ಪಡೆಯಬಹುದು.

ಇನ್ನು ತಿಂಗಳ ವರದಿ. ಬೇಕಾದದ್ದು ಒಂದು ಪುಟ: ಬಾಡಿಗೆ ಯಾವ ತಾರೀಖಿಗೆ ಬಂತು, ತೆರಿಗೆ ಕಟ್ಟಿದ ಚಲನ್, ಮೇಂಟೆನೆನ್ಸ್ ರಸೀದಿ, ರಿಪೇರಿಯ ಬಿಲ್ಲು, ಕೈಯಲ್ಲಿ ಉಳಿದದ್ದು. ಇವರ ಎಕ್ಸೆಲ್ ಹಾಳೆ ಪಕ್ಕಕ್ಕೆ ಸರಿಸಿದಷ್ಟೂ ಮುಗಿಯುವುದಿಲ್ಲ. ಬಚ್ಚಲಮನೆಯ ಸೀಲಿಂಗಿನಲ್ಲಿ ತೇವ ಕಂಡಾಗ ‘ಮೂಲ ಕಾರಣ’ ಎಂಬ ಹೊಸ ಕಾಲಂ ಹುಟ್ಟಿತು. ನಮ್ಮ ಪ್ಲಂಬರ್ ಕಾಲಂ ನೋಡದೆ ತೇವದ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆದ. ಮೇಲಿನ ಮನೆಯವರು ಎರಡು ದಿನ ಆ ಬಚ್ಚಲು ಬಳಸಲಿಲ್ಲ. ತೇವ ಗೆರೆ ದಾಟಿದ್ದರೆ ಸದಾ ನೀರು ತುಂಬಿರುವ ಸಪ್ಲೈ ಪೈಪು ಸೋರುತ್ತಿದೆ ಎಂದಾಗುತ್ತಿತ್ತು. ದಾಟಲಿಲ್ಲವಾದ್ದರಿಂದ ನೆಲದ ಡ್ರೈನಿನ ಜಾಯಿಂಟಿನ ಮೇಲೆ ಅನುಮಾನ ಹೋಯಿತು. ಬಿಚ್ಚಿ ನೋಡಿದರೆ ಅದೇ. ಖರ್ಚು ಕೊಡಬೇಕಾದ ಮೇಲಿನ ಮನೆಯ ಓನರ್ ಸಿಡ್ನಿಯಲ್ಲಿದ್ದಾರೆ. ಅವರೂ ಫೋಟೊ ಕೇಳಿದರು.

ಆದರೂ ಡಲ್ಲಾಸಿನ ಈ ಮನುಷ್ಯರ ಮೇಲೆ ನನಗೆ ಸಿಟ್ಟು ಬಹಳ ಹೊತ್ತು ನಿಲ್ಲುವುದಿಲ್ಲ. ಕಾರಣ, ಚಿಕ್ಕ ರೂಮಿನ ಅಟ್ಟ. ಅದಕ್ಕೊಂದು ಬೀಗವಿದೆ, ಪ್ರತಿ ವರದಿಯಲ್ಲೂ ಆ ಬೀಗದ ಫೋಟೊ ಇರಲೇಬೇಕು. ಒಳಗೆ ದಸರಾ ಗೊಂಬೆಗಳ ಪೆಟ್ಟಿಗೆ, ಒಂದು ವೆಟ್ ಗ್ರೈಂಡರ್, ಮಗನ ಪುಟ್ಟ ಸೈಕಲ್ಲು. ಮಗ ಈಗ ಅಲ್ಲಿ ಕಾರು ಓಡಿಸುತ್ತಾನೆ. ‘ವಾಪಸ್ ಬರೋರಿದೀವಲ್ಲ’ ಎಂದು ಫೋನಿನಲ್ಲಿ ಹೇಳುತ್ತಾರೆ. ಮೇಲ್‌ನಲ್ಲಿ ಆ ಅಂಶ ಯಾವತ್ತೂ ಬಂದಿಲ್ಲ.

ಹೊಸ ಬಾಡಿಗೆದಾರರು ಅಟ್ಟ ಬಿಟ್ಟುಕೊಡಿ, ಇಲ್ಲವೇ ತಿಂಗಳಿಗೆ ಐನೂರು ಇಳಿಸಿ ಎಂದರು. ಮೂರು ಸಾವಿರಕ್ಕೆ ಎರಡು ತಿಂಗಳು ಹಟ ಹಿಡಿದಿದ್ದವರು ಈ ಐನೂರಕ್ಕೆ ಅರ್ಧ ಗಂಟೆಯಲ್ಲಿ ‘ಒಪ್ಪಿದೆ’ ಎಂದು ಉತ್ತರಿಸಿದರು. ಬಾಡಿಗೆ 43,000 ಎಂದೇ ಕಾಗದದಲ್ಲಿರಲಿ, ಐನೂರನ್ನು ಪ್ರತ್ಯೇಕವಾಗಿ ಬಾಡಿಗೆದಾರರಿಗೆ ಕೊಟ್ಟು ವರದಿಯಲ್ಲಿ ತೋರಿಸಿ ಎಂದರು. ನಾನು ತೋರಿಸಿದೆ: ‘ಅಟ್ಟದ ಬಾಡಿಗೆ, ಓನರಿನಿಂದ ಬಾಡಿಗೆದಾರರಿಗೆ, 500.’ ಇವತ್ತು ಬೆಳಿಗ್ಗೆ ಏಳೂವರೆಗೆ ಪ್ರಶ್ನೆ ಬಂದಿದೆ, ಈ ಬಾಡಿಗೆಯ ಮೇಲೆ ತಾವು ಟಿಡಿಎಸ್ ಕಟ್ ಮಾಡಬೇಕೇ ಎಂದು. ಆಡಿಟರಿಗೆ ಫಾರ್ವರ್ಡ್ ಮಾಡಿದ್ದೇನೆ.