ತೂತಿಲ್ಲದ ಚೆಂದ

ನಿಜ ಹೇಳಿ, ಆ ಬಿಳಿ ಸೆರಾಮಿಕ್ ಪಾಟ್ ಕೊಳ್ಳುವಾಗ ತಿರುಗಿಸಿ ತಳ ನೋಡಿದ್ರಾ? ನೋಡಿದ್ರಿ, ಗೊತ್ತು. ಆದರೆ ಹುಡುಕಿದ್ದು ರೇಟು! ತಳದಲ್ಲಿ ತೂತು ಇದೆಯಾ ಅಂತ ಯಾರು ನೋಡ್ತಾರೆ ಹೇಳಿ. ಟಿವಿ ಪಕ್ಕಕ್ಕೆ ಮ್ಯಾಚ್ ಆದರೆ ಮುಗೀತು.

ಮನೆಗೆ ಬಂದ ಮೇಲೆ ಶುರು ನಿಮ್ಮ ಇಂಜಿನಿಯರಿಂಗು. "ತೂತಿಲ್ಲದಿದ್ರೇನು, ಅಡಿಗೆ ಒಂದಷ್ಟು ಜಲ್ಲಿ ಹಾಕಿದ್ರೆ ಆಯ್ತು" ಅಂತ ಎರಡಿಂಚು ಕಲ್ಲು ಸುರಿದು, ಮೇಲೆ ಮಣ್ಣು ತುಂಬಿ, ಸ್ನೇಕ್ ಪ್ಲಾಂಟ್ ನೆಟ್ಟುಬಿಡ್ತೀರಿ. (ಪಕ್ಕದ ಮನೆಯವರಿಗೂ ಇದೇ ಸಲಹೆ ಕೊಟ್ಟಿದ್ದೀರಿ, ಅಲ್ವಾ?)

ಆ ಜಲ್ಲಿ ಮಾಡೋ ಉಪಕಾರ ಏನು ಅಂತ ನೋಡೋಣ. ಪಾತ್ರೆ ತೊಳೆಯೋ ಸ್ಪಂಜನ್ನು ಪೂರ್ತಿ ನೆನೆಸಿ, ಹಿಂಡದೆ ನೆಟ್ಟಗೆ ಹಿಡ್ಕೊಳ್ಳಿ. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಲ್ಲುತ್ತೆ, ಆದರೂ ಕೆಳಗಿನ ತುದಿ ಒದ್ದೆಮುದ್ದೆ. ಮಣ್ಣೂ ಹೀಗೇ, ತನ್ನ ತಳದಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತೆ. ಕೆಳಗೆ ಜಲ್ಲಿ ಇದ್ದ ಮಾತ್ರಕ್ಕೆ ಬಿಟ್ಟುಕೊಡಲ್ಲ.

ಹಾಗಾಗಿ ಕಲ್ಲು ಹಾಕಿ ನೀವು ಸಾಧಿಸಿದ್ದು ಇಷ್ಟೇ: ಒದ್ದೆ ಪದರವನ್ನು ಎರಡಿಂಚು ಮೇಲೆತ್ತಿ ಬೇರಿನ ಹತ್ತಿರ ತಂದಿರಿ. ಮಣ್ಣು ತಾಳಲಾರದೆ ಇಳಿಸಿದ ನೀರು ಕಲ್ಲಿನ ನಡುವೆ ನಿಂತಿತು. ಅಲ್ಲಿಂದ ಮುಂದೆ ಹೋಗೋಕೆ ದಾರಿ ಎಲ್ಲಿದೆ?

ಈಗ ಮಜಾ ಕೇಳಿ. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದೆಲ್ಲ ನೀರೇ ತುಂಬಿದ್ರೆ ಬೇರು ಉಸಿರು ಕಟ್ಟಿ ಕೊಳೆಯುತ್ತೆ. ಕೊಳೆತ ಬೇರು ನೀರು ಕುಡಿಯಲ್ಲ, ಎಲೆ ಜೋತು ಬೀಳುತ್ತೆ. ಅದನ್ನು ನೋಡಿ ನೀವೇನು ಮಾಡ್ತೀರಿ? "ಅಯ್ಯೋ ಪಾಪ, ಬಾಯಾರಿಕೆ" ಅಂತ ಇನ್ನೊಂದು ಚೊಂಬು!

ಅದೂ ನೀವೊಬ್ಬರೇ ಅಲ್ಲ. ಬೆಳಿಗ್ಗೆ ಅತ್ತೆಯವರು ಒಂದು ಲೋಟ, ಮಧ್ಯಾಹ್ನ ನೀವು, ಸಂಜೆ ಯಜಮಾನರು ಬಾಟಲಿಯಲ್ಲಿ ಉಳಿದದ್ದು. ಆಮೇಲೆ ಎಲೆ ಹಳದಿಯಾಗಿ, ಬುಡ ಮೆತ್ತಗಾಗಿ, ಎಳೆದರೆ ಕೈಗೇ ಬಂದಾಗ ಬೈಗುಳ ಯಾರಿಗೆ? ಮೊನ್ನೆ ಬಂದು "ಎಷ್ಟು ಚೆನ್ನಾಗಿದೆ" ಅಂದು ಹೋದ ನಾದಿನಿಗೆ. ದೃಷ್ಟಿ ಅಂತೆ ದೃಷ್ಟಿ! ಒಮ್ಮೆ ಮಣ್ಣು ಮೂಸಿ ನೋಡಿ, ಮೋರಿ ವಾಸನೆ ಬಂದರೆ ನಾದಿನಿ ನಿರಪರಾಧಿ.

ಪಾಟ್ ಬಿಸಾಡಬೇಕಾ? ಬೇಡ ಮಾರಾಯ್ರೇ. ಡ್ರಿಲ್ ಹಿಡಿದು ಸೆರಾಮಿಕ್ ಒಡೆಯೋ ಸಾಹಸವೂ ಬೇಡ. ನರ್ಸರಿಯವನು ಕೊಟ್ಟ ಆ ಕಪ್ಪು ಪ್ಲಾಸ್ಟಿಕ್ ಪಾಟ್ ಇತ್ತಲ್ಲ, ಅಡಿಯಲ್ಲೆಲ್ಲ ತೂತಿರೋದು, "ಥೂ, ಅಸಹ್ಯ" ಅಂತ ಮೂಲೆಗೆಸೆದಿರಲ್ಲ, ಅದನ್ನು ಎತ್ಕೊಂಡು ಬನ್ನಿ. ಗಿಡ ಅದರಲ್ಲೇ ಇರಲಿ. ಸೆರಾಮಿಕ್ ಬರೀ ಹೊರಗಿನ ಅಲಂಕಾರ.

ಹೊರಗಿನದು 6 ಇಂಚು ಅಗಲ ಇದ್ದರೆ ಒಳಗಿನದು 5 ಇಂಚಿರಲಿ. ಸುತ್ತ ಬೆರಳು ತೂರಿ ಎತ್ತೋಕೆ ಜಾಗ ಬೇಕು. (ಬಿಗಿಯಾಗಿ ಕೂರಿಸಿ, ಆಮೇಲೆ ಎಲೆ ಹಿಡಿದು ಎಳೆಯೋರು ನೀವೇ ತಾನೆ?) ಸೆರಾಮಿಕ್ ತಳದಲ್ಲಿ ನಾಲ್ಕು ಬಾಟಲಿ ಮುಚ್ಚಳ ಬೋರಲು ಹಾಕಿ ಅದರ ಮೇಲೆ ಕೂರಿಸಿ. ಒಂದೆರಡು ತೊಟ್ಟು ಇಳಿದರೂ ಬೇರಿಗೆ ತಾಕಬಾರದು, ಅಷ್ಟೇ ಅದರ ಕೆಲಸ. ಮುಚ್ಚಳದ ಎತ್ತರ ದಾಟಿ ನೀರು ನಿಂತರೆ ಅವೂ ಮುಳುಗಿದವು, ಗಿಡವೂ ಮುಳುಗಿತು.

ನೀರು ಹಾಕೋದು ಹಾಲ್‌ನಲ್ಲಿ ಅಲ್ಲ. ಕಪ್ಪು ಪಾಟನ್ನು ಎತ್ತಿ ಬಚ್ಚಲಿಗೆ ಒಯ್ಯಿರಿ, ಅಡಿಯಿಂದ ಧಾರಾಳವಾಗಿ ಇಳಿಯೋವರೆಗೆ ಹಾಕಿ. ಅರ್ಧ ಗಂಟೆ ಅಲ್ಲೇ ಬಿಟ್ಟು ಕಾಫಿ ಕುಡೀರಿ. ತೊಟ್ಟಿಕ್ಕೋದು ನಿಂತ ಮೇಲೆ ವಾಪಸ್ ಅಲಂಕಾರದೊಳಗೆ. ಎತ್ತುವಾಗ ಭಾರ ಗಮನಿಸಿ: ಮುಂದಿನ ಸಲ ಹಗುರ ಅನಿಸಿದರೆ ಮಾತ್ರ ನೀರು. ಸ್ನೇಕ್ ಪ್ಲಾಂಟ್ ಆದರೆ ಮಣ್ಣು ಪೂರ್ತಿ ಒಣಗಲಿ, ಅದೇನೂ ಬೇಜಾರು ಮಾಡ್ಕೊಳ್ಳಲ್ಲ.

"ಪ್ರತಿ ಸಲ ಎತ್ತೋದಾ? ಸೊಂಟ ನೋವು" ಅಂತೀರಾ? ಸರಿ, ಇದ್ದಲ್ಲೇ ಹಾಕಿ. ಆದರೆ ಅರ್ಧ ಗಂಟೆ ಬಿಟ್ಟು ಒಳಗಿನ ಪಾಟ್ ಎತ್ತಿ ತಳದ ನೀರು ಚೆಲ್ಲಲೇಬೇಕು. (ಸೊಂಟ ಆಗಲೂ ಬಗ್ಗಿಸಬೇಕು ನೋಡಿ!) ಚೆಲ್ಲದೆ ಬಿಟ್ಟರೆ ಡೆಂಗಿ ಹರಡೋ ಈಡಿಸ್ ಸೊಳ್ಳೆಗೆ ಇಂಥ ನೆರಳಿನ ನಿಂತ ನೀರು ಅಂದ್ರೆ ಪ್ರಾಣ. ಮೊಟ್ಟೆಯಿಂದ ಹಾರೋ ಸೊಳ್ಳೆಯಾಗೋಕೆ ಅದಕ್ಕೆ ಹೆಚ್ಚುಕಡಿಮೆ ಒಂದು ವಾರ, ಹತ್ತು ದಿನ ಸಾಕು. ಕಿಟಕಿಗೆ ಸಾವಿರಾರು ರೂಪಾಯಿ ಜಾಲರಿ ಹೊಡೆಸಿದ್ದೀರಿ, ಸಾಕಣೆ ಟಿವಿ ಪಕ್ಕದಲ್ಲೇ!

ಇನ್ನು ಕಪ್ಪು ಅಂಚು ಇಣುಕುತ್ತೆ ಅನ್ನೋ ನಿಮ್ಮ ಸಂಕಟ. ಮೇಲೆ ಒಂದಿಷ್ಟು ತೆಂಗಿನ ನಾರು ಹರಡಿ, ಕಾಣಲ್ಲ. ಆದರೆ ನಾರು ಒಣಗಿದೆ ಅಂದ ಮಾತ್ರಕ್ಕೆ ಕೆಳಗಿನ ಮಣ್ಣು ಒಣಗಿದೆ ಅಂತಲ್ಲ. ಸರಿಸಿ ಬೆರಳು ತೂರಿ ನೋಡಿ. ಅತ್ತೆಯವರಿಗೂ ತೋರಿಸಿಕೊಡಿ, ಲೋಟ ಹಿಡ್ಕೊಂಡು ಬರ್ತಿದ್ದಾರೆ.