ಅರಗು, ಸವಕಳಿ ಮತ್ತು ಮಜೂರಿ

ಹುಬ್ಬಳ್ಳಿ-ಧಾರವಾಡದ ಕಡೆ ಹೆಣ್ಣುಮಕ್ಕಳ ಕೊರಳನ್ನು ಅಲಂಕರಿಸುವ ಬೋರಮಾಳವು ಬಂಗಾರದ ಗುಂಡುಗಳ ಸರವಾದರೂ, ಆ ಗುಂಡುಗಳು ಸಾಮಾನ್ಯವಾಗಿ ಒಳಗೆ ಟೊಳ್ಳಾಗಿದ್ದು, ಜಜ್ಜಿಹೋಗದಂತೆ ಅವುಗಳಲ್ಲಿ ಅರಗನ್ನು ತುಂಬುವ ರೂಢಿ ಇರುವುದರಿಂದ, ತಕ್ಕಡಿಯಲ್ಲಿ ಕುಳಿತಾಗ ಅರಗೂ ತನ್ನನ್ನು ಬಂಗಾರವೆಂದೇ ಭಾವಿಸಿಕೊಳ್ಳುವ ಸಂಭವವುಂಟು. ಅರಗು, ದಾರ, ಹರಳುಗಳೆಲ್ಲ ಸೇರಿದ್ದು ಒಟ್ಟು ತೂಕ. ಅವನ್ನು ಕಳೆದು ಉಳಿಯುವ ಲೋಹದ ತೂಕವೇ ನಿವ್ವಳ ತೂಕ. ಹಾಲ್‌ಮಾರ್ಕ್ ಆದ ಒಡವೆಯ ಬಿಲ್ಲಿನಲ್ಲಿ ನಿವ್ವಳ ತೂಕವನ್ನು ಬರೆಯಬೇಕೆಂಬುದು ಭಾರತೀಯ ಮಾನಕ ಬ್ಯೂರೋದ ನಿಯಮ.

ಲೆಕ್ಕಕ್ಕೆ ಸುಲಭವಾಗಲೆಂದು 22 ಕ್ಯಾರೆಟ್ ಬಂಗಾರದ ದರ ಗ್ರಾಂಗೆ 9,000 ರೂಪಾಯಿ ಎಂದೂ, ಸರದ ಒಟ್ಟು ತೂಕ 21.4 ಗ್ರಾಂ, ಅದರಲ್ಲಿ ಅರಗು-ದಾರಗಳ ಪಾಲು 1.4 ಗ್ರಾಂ ಎಂದೂ ಇಟ್ಟುಕೊಂಡರೆ, ಬಂಗಾರದ ಬೆಲೆ 20 ಗ್ರಾಂಗೆ 1,80,000 ರೂಪಾಯಿಯಾಗುತ್ತದೆ. ಒಟ್ಟು ತೂಕಕ್ಕೇ ದರ ಕಟ್ಟಿದ್ದಾದರೆ 12,600 ರೂಪಾಯಿಯ ಅರಗನ್ನು ಕೊಂಡಂತಾಗುತ್ತದೆ. ಇಷ್ಟು ದುಬಾರಿ ಅರಗು ಬೇರೆಲ್ಲೂ ಸಿಗಲಾರದು.

ಕಾಯಿಸಿ, ಬಡಿದು, ಅರ ಹಾಕುವಾಗ ಕಳೆದುಹೋಗುವುದೆಂದು ಎಣಿಸಿದ ಬಂಗಾರದ ಬೆಲೆ ಸವಕಳಿ, ಅಂದರೆ ಅಂಗಡಿಯವರ ವೇಸ್ಟೇಜ್; ಕೆಲಸದ ಕೂಲಿ ಮಜೂರಿ. ಅಕ್ಕಸಾಲಿಗನ ಕೋಣೆಯ ಕಸವನ್ನು ಕೊಂಡು, ತೊಳೆದು ಬಂಗಾರ ತೆಗೆಯುವವರೂ ಇರುವುದರಿಂದ, ಸವೆದದ್ದೆಲ್ಲವೂ ಲೋಕದಿಂದ ಮಾಯವಾಗುತ್ತದೆಂದು ನಂಬಬೇಕಾಗಿಲ್ಲ. ಸವಕಳಿ ನಿವ್ವಳ ತೂಕದ ಶೇ 8 ಎಂದಾದರೆ 14,400 ರೂಪಾಯಿ, ಮಜೂರಿ ಗ್ರಾಂಗೆ 300 ಎಂದಾದರೆ 6,000 ರೂಪಾಯಿ. ಎಲ್ಲ ಕೂಡಿ 2,00,400 ರೂಪಾಯಿ. "ಮಜೂರಿ ಪೂರ್ತಿ ಫ್ರೀ ಐತ್ರಿ ಅಕ್ಕಾರ, ವೇಸ್ಟೇಜ್ ಅಷ್ಟ ಶೇಕಡಾ ಹನ್ನೆರಡು" ಎಂದು ಇನ್ನೊಂದು ಅಂಗಡಿಯವರು ಆದರದಿಂದ ಚಹಾ ತರಿಸಿದರೆ, ಆ ಸವಕಳಿಯೊಂದೇ 21,600 ರೂಪಾಯಿಯಾಗಿ, ಫ್ರೀ ಎಂಬುದು 1,200 ರೂಪಾಯಿ ತುಟ್ಟಿಯಾಗುತ್ತದೆ. ಆದ್ದರಿಂದ ಸವಕಳಿ, ಮಜೂರಿಗಳನ್ನು ಬೇರೆಬೇರೆಯಾಗಿ ಜಗ್ಗಾಡದೆ, ತೆರಿಗೆಗೆ ಮುಂಚಿನ ಮೊತ್ತವನ್ನು ನಿವ್ವಳ ತೂಕದಿಂದ ಭಾಗಿಸಿ ನೋಡುವುದು ಲೇಸು: ಮೊದಲಿನ ಅಂಗಡಿಯಲ್ಲಿ ಗ್ರಾಂಗೆ 10,020 ರೂಪಾಯಿ, ಚಹಾದ ಅಂಗಡಿಯಲ್ಲಿ 10,080.

2017ರ ಜುಲೈನಿಂದ ಜಾರಿಯಲ್ಲಿರುವ ಜಿಎಸ್‌ಟಿಯಲ್ಲಿ ಅಂಗಡಿಯು ತನ್ನದೇ ಬಂಗಾರದ ಸಿದ್ಧ ಒಡವೆ ಮಾರುವಾಗ ಕೂಡಿದ ಮೊತ್ತದ ಮೇಲೆ ಶೇ 3 ತೆರಿಗೆ, ಅಂದರೆ ಕೇಂದ್ರಕ್ಕೆ ಒಂದೂವರೆ, ರಾಜ್ಯಕ್ಕೆ ಒಂದೂವರೆ. ಮೊದಲಿನ ಅಂಗಡಿಯ ಬಿಲ್ಲಿಗೆ ಇದು 6,012 ರೂಪಾಯಿಯಾಗಿ, ಕೊಡಬೇಕಾದದ್ದು 2,06,412 ರೂಪಾಯಿ. ಕೈಗೆ ಬಾರದ ಸವಕಳಿಗೂ ತೆರಿಗೆ ತಪ್ಪದು. ಗಿರಾಕಿ ತನ್ನ ಹಳೆಯ ಬಂಗಾರ ಕೊಟ್ಟು ಮಾಡಿಸಿದರೆ ಮಾತ್ರ ಕೂಲಿಯ ಮೇಲೆ ಶೇ 5ರ ಲೆಕ್ಕ ಬರುವುದರಿಂದ, ಸಿದ್ಧ ಒಡವೆಯ ಬಿಲ್ಲಿನಲ್ಲಿ ಮಜೂರಿಗೆ ಪ್ರತ್ಯೇಕವಾಗಿ ಶೇ 5 ಹಾಕಿದ್ದರೆ ಕಾರಣ ಕೇಳಬೇಕು.

ಮುಂದೆಂದಾದರೂ ಇದೇ ಸರವನ್ನು ಮಾರಲು ಹೋದಾಗ ಸವಕಳಿ, ಮಜೂರಿ, ತೆರಿಗೆಗಳಲ್ಲಿ ಯಾವುದೂ ಮರಳುವುದಿಲ್ಲ; ಅರಗನ್ನಂತೂ ಕರಗಿಸಿ ತೆಗೆದೇ ತೂಗುತ್ತಾರೆ.